ಒಂದು ಊಟಕ್ಕೆ 34 ರೂಪಾಯಿ: ನಮ್ಮ ಪಿಜಿ ಫ್ಲಾಟಿನ ಅಡುಗೆ ಲೆಕ್ಕ

ವಿಜಯನಗರದ ಒಂದು ಫ್ಲಾಟಿನಲ್ಲಿ ನಾವು ನಾಲ್ಕು ಜನ ಇದ್ದೇವೆ. ಹೆಸರಿಗೆ ಪಿಜಿ, ಬಾಡಿಗೆ ಬೆಡ್ ಲೆಕ್ಕದಲ್ಲಿ, ಊಟ ಇಲ್ಲ. ಒಲೆ, ಫ್ರಿಜ್ ಮಾಲೀಕರದ್ದು, ಸಿಲಿಂಡರ್ ತುಂಬಿಸುವ ದುಡ್ಡು ನಮ್ಮದು. ಊಟ ಇರುವ ಪಿಜಿಗಳಲ್ಲಿ ಇದೇ ಬೆಡ್ಡಿಗೆ ಎರಡು ಎರಡೂವರೆ ಸಾವಿರ ಜಾಸ್ತಿ ಕೇಳುತ್ತಾರೆ, ಆಮೇಲೆ ಆ ಅನ್ನ ಸೇರದೆ ಹೊರಗೂ ತಿನ್ನಬೇಕು. ನಾವೇ ಬೇಯಿಸಿಕೊಳ್ಳುತ್ತೇವೆ ಅಂದಾಗ ಅಲ್ಲಿಂದ ಖಾಲಿ ಮಾಡುತ್ತಿದ್ದ ಸೀನಿಯರ್‌ಗಳು ನಕ್ಕರು. "ಎರಡು ತಿಂಗಳು ಮಾಡ್ತೀರ ಗುರು, ಆಮೇಲೆ ಕೊತ್ತಂಬರಿ ಸೊಪ್ಪಿಗೆ ಜಗಳ ಆಡ್ಕೊಂಡು ಹೋಟ್ಲಿಗೆ ಹೋಗ್ತೀರ" ಅಂದರು. ವರ್ಷ ದಾಟಿತು. ಒಲೆ ಆರಿಲ್ಲ, ಜಗಳವೂ ಆಗಿಲ್ಲ. ಹಂಚಿಕೊಂಡ ಅಡುಗೆಗೆ ತಲಾ ಸರಾಸರಿ 1,700, ಅವರವರ ಹಾಲು, ಹಣ್ಣು, ಹೊರಗಿನ ತಿಂಡಿ ಎಲ್ಲಾ ಸೇರಿದರೆ ಮೂರು ಸಾವಿರದ ಆಸುಪಾಸು.

ಮೊದಲ ತಿಂಗಳು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದ್ದು: ತಲಾ ಎರಡು ಸಾವಿರ ಡಬ್ಬಕ್ಕೆ ಹಾಕಿ, ಬೇಕಾದಾಗ ತೆಗೆದು ಖರ್ಚು ಮಾಡುವುದು. ಇಪ್ಪತ್ತನೇ ತಾರೀಕಿಗೆಲ್ಲ ಡಬ್ಬ ಖಾಲಿ. ಅದಕ್ಕಿಂತ ದೊಡ್ಡ ತಕರಾರು ತುಮಕೂರಿನವನದು. ಅವನು ಶುಕ್ರವಾರ ಸಂಜೆ ರೈಲು ಹತ್ತಿದರೆ ಸೋಮವಾರ ಬೆಳಿಗ್ಗೆ ಅಮ್ಮ ಕಟ್ಟಿಕೊಟ್ಟ ಡಬ್ಬಿ ಸಮೇತ ಬರುವವನು. ಬಳ್ಳಾರಿಯವನು ಊರಿಗೇ ಹೋಗುವುದಿಲ್ಲ, ಜೊತೆಗೆ ಮಧ್ಯಾಹ್ನಕ್ಕೂ ಬುತ್ತಿ ಒಯ್ಯುತ್ತಾನೆ. ಇಬ್ಬರೂ ಒಂದೇ ದುಡ್ಡು ಯಾಕೆ ಕೊಡಬೇಕು? ಆಮೇಲೆ ಬಿಲ್ ಹಂಚುವ ಆ್ಯಪ್ ಹಾಕಿಕೊಂಡೆವು. ಅದರಲ್ಲಿ ಹತ್ತು ರೂಪಾಯಿ ಕರಿಬೇವು, ಯಾರೋ ಒಬ್ಬರೇ ತಿಂದ ಬಿಸ್ಕತ್ತು, ಎಲ್ಲಾ ಒಳಗೆ ನುಸುಳಿ ತಿಂಗಳ ಕೊನೆಗೆ ಒಂದೊಂದು ಎಂಟ್ರಿಗೂ ಪಂಚಾಯ್ತಿ. ಬೇಡಪ್ಪ, ಅವರವರದು ಅವರವರೇ ಬೇಯಿಸಿಕೊಳ್ಳೋಣ ಅಂತಲೂ ನೋಡಿದೆವು. ಫ್ರಿಜ್ಜಿನಲ್ಲಿ ನಾಲ್ಕು ಹಾಲಿನ ಪ್ಯಾಕೆಟ್, ನಾಲ್ಕು ಚೀಲ ಟೊಮೆಟೊ, ಮೂರೇ ವಾರಕ್ಕೆ ಸಿಲಿಂಡರ್ ಖಾಲಿ.

ಕೊನೆಗೆ ನಾನು ತಂದಿದ್ದು ಹಾಸ್ಟೆಲಿನ ಡಿವೈಡಿಂಗ್ ಸಿಸ್ಟಮ್. ಹಾಸ್ಟೆಲಿನಲ್ಲಿ ಓದಿದವರಿಗೆ ವಿವರಿಸಬೇಕಿಲ್ಲ: ತಿಂಗಳ ಒಟ್ಟು ಖರ್ಚನ್ನು ತಿಂದ ಲೆಕ್ಕದಿಂದ ಭಾಗಿಸುವುದು, ತಿಂದವರು ತಿಂದಷ್ಟಕ್ಕೆ ಕೊಡುವುದು. "ಮಗಾ, ನಾಲ್ಕು ಜನಕ್ಕೆ ಮೆಸ್ ಮ್ಯಾನೇಜರ್ ಬೇರೆ ಬೇಕಾ?" ಅಂತ ಬಳ್ಳಾರಿಯವನು ಕಿಚಾಯಿಸಿದ. ಹಾಸ್ಟೆಲಿನಲ್ಲಿ ದಿನದ ಲೆಕ್ಕ, ನಾನು ಅದನ್ನು ಊಟದ ಲೆಕ್ಕ ಮಾಡಿಕೊಂಡೆ. ರಾತ್ರಿ ಊಟ ಒಂದು, ಕಟ್ಟಿಕೊಂಡು ಹೋದ ಬುತ್ತಿ ಒಂದು, ಬೆಳಗಿನ ತಿಂಡಿ ಅರ್ಧ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ, ಊರಲ್ಲಿ ಅಮ್ಮಂದಿರು ಹಾಲಿನ ಲೆಕ್ಕ ಬರೆಯುವ ಹಾಗೆ, ಆಯಾ ದಿನದ ಮನೆಯಲ್ಲಿ ಹೆಸರಿನ ಮೊದಲ ಅಕ್ಷರ ಮತ್ತು ಗೀಟು. ತಟ್ಟೆ ತೊಳೆದಿಟ್ಟ ತಕ್ಷಣ ಬರೆಯಬೇಕು, ನಾಳೆ ಅಂದರೆ ಮರೆತೇ ಹೋಗುತ್ತದೆ. ಮೊಬೈಲಿಗಿಂತ ಇದು ವಾಸಿ, ಯಾಕೆಂದರೆ ಒಬ್ಬರು ಬರೆದದ್ದು ನಾಲ್ಕೂ ಜನಕ್ಕೆ ಕಾಣುತ್ತದೆ.

ಹೋದ ಬಾರಿಯ ಒಂದು ತಿಂಗಳು ಹೇಳುತ್ತೇನೆ, ನೆನಪಿನಿಂದ, ಹತ್ತಿಪ್ಪತ್ತು ರೂಪಾಯಿ ಆಚೀಚೆ ಇರಬಹುದು. ಅಕ್ಕಿ ಹದಿನೈದು ಕೆಜಿ, 850. ರಾಗಿ ಹಿಟ್ಟು 300. ತೊಗರಿಬೇಳೆ 600, ಹೆಸರುಬೇಳೆ ಕಾಳುಗಳು 220. ಎಣ್ಣೆ 500. ತರಕಾರಿ ಸೊಪ್ಪು 1,700. ತೆಂಗಿನಕಾಯಿ 450. ಮೊಸರು 700. ಗ್ಯಾಸ್ 750. ರವೆ ಅವಲಕ್ಕಿ 400, ಉಪ್ಪು ಹುಳಿ ಸಾಸಿವೆ ಇತ್ಯಾದಿ 300. ಒಟ್ಟು 6,800 ಅಂತಿಟ್ಟುಕೊಳ್ಳಿ. ಕ್ಯಾಲೆಂಡರಿನಲ್ಲಿ ಬಳ್ಳಾರಿ 62, ನಾನು 55, ಭಾನುವಾರ ಮೀನೂಟಕ್ಕೆ ಹೊರಗೆ ಹೋಗುವ ಕುಂದಾಪುರ 48, ತುಮಕೂರು 35. ಒಟ್ಟು 200 ಊಟ. ಒಂದಕ್ಕೆ 34. ತುಮಕೂರಿನವನು ಕೊಟ್ಟದ್ದು 1,190, ಸಮಪಾಲಾಗಿದ್ದರೆ 1,700 ಕೊಡಬೇಕಿತ್ತು. ಬಳ್ಳಾರಿಯವನದು 2,108. ಅವನು ಗೊಣಗಲಿಲ್ಲ, ಹೊರಗೆ 34ಕ್ಕೆ ಊಟ ಎಲ್ಲಿ ಸಿಗುತ್ತದೆ ಅಂತ ಅವನಿಗೂ ಗೊತ್ತು.

ಇಲ್ಲಿ ಒಂದು ಕಡೆ ಎಡವುತ್ತಾರೆ. ಅಕ್ಕಿಯನ್ನು ನಾವು 26 ಕೆಜಿ ಮೂಟೆ ತರುತ್ತೇವೆ. 25 ಕೆಜಿವರೆಗಿನ ಪ್ಯಾಕೆಟ್ಟಿಗೆ 2022ರಲ್ಲಿ ಜಿಎಸ್‌ಟಿ ಬಿದ್ದ ಮೇಲೆ ಅಂಗಡಿಗಳಲ್ಲಿ ಈ ಒಂದು ಕೆಜಿ ಜಾಸ್ತಿ ಮೂಟೆ ಬಂತಲ್ಲ, ಅದೇ. ಮೂಟೆ ತಂದ ತಿಂಗಳು ಪೂರ್ತಿ ಬಿಲ್ ಹಾಕಿದರೆ ಊಟದ ದರ ನಲವತ್ತರ ಹತ್ತಿರ ಹೋಗುತ್ತದೆ, ಮುಂದಿನ ತಿಂಗಳು ಬಿದ್ದುಬಿಡುತ್ತದೆ. ಆ ಮೊದಲ ತಿಂಗಳು ಪರೀಕ್ಷೆ ಅಂತ ಇಲ್ಲೇ ಕೂತು ತಿಂದವನು ಮುಂದಿನ ತಿಂಗಳಿನವರ ಅಕ್ಕಿಗೂ ದುಡ್ಡು ಕೊಟ್ಟಂತೆ. ಹಾಗಾಗಿ ತಿಂಗಳ ಕೊನೆ ರಾತ್ರಿ ಡಬ್ಬಗಳನ್ನು ನೋಡಿ ಉಳಿದ ಅಕ್ಕಿ, ಬೇಳೆ, ಎಣ್ಣೆಗೆ ಬೆಲೆ ಕಟ್ಟಿ ಒಟ್ಟಿನಿಂದ ಕಳೆಯುತ್ತೇನೆ, ಅಷ್ಟನ್ನೇ ಮುಂದಿನ ತಿಂಗಳಿಗೆ ಸೇರಿಸುತ್ತೇನೆ. ಬಿಕಾಂನಲ್ಲಿ ಕಲಿತ ಆರಂಭಿಕ ದಾಸ್ತಾನು, ಅಂತಿಮ ದಾಸ್ತಾನು ಉಪಯೋಗಕ್ಕೆ ಬಂದದ್ದು ಇಲ್ಲೇ. ಕೆಜಿ ತೂಕ ಬೇಡ, ಪಾವಿನಲ್ಲಿ ಅಳೆದರೆ ಸಾಕು.

ಬಜೆಟ್ಟು ಹುಟ್ಟುವುದೂ ಇದರಿಂದಲೇ. ತಿಂಗಳ ಕೊನೆಯ ಭಾನುವಾರ ಯಾರು ಎಷ್ಟು ದಿನ ಊರಿಗೆ ಅಂತ ಕೇಳುತ್ತೇನೆ. 190 ಊಟ ಬೀಳಬಹುದು ಅಂತ ಅಂದಾಜಾದರೆ 34ರಿಂದ ಗುಣಿಸಿ, 6,460. ಅದರಲ್ಲಿ ಸುಮಾರು ಮುಕ್ಕಾಲು ಪಾಲನ್ನು ಮಾತ್ರ, ಅವರವರ ಅಂದಾಜು ಊಟಕ್ಕೆ ತಕ್ಕಂತೆ, ಎರಡನೇ ತಾರೀಕಿಗೆ ವಸೂಲಿ. ಪೂರ್ತಿ ಇಸಿದುಕೊಂಡರೆ ಕೈಯಲ್ಲಿ ದುಡ್ಡಿದೆ ಅಂತ ಖರ್ಚು ಏರುತ್ತದೆ. ಉಳಿದದ್ದು ತಿಂಗಳ ಕೊನೆಗೆ ಚುಕ್ತಾ.

ಏನು ತರಬೇಕು, ಏನು ಬಿಡಬೇಕು ಅನ್ನುವುದು ಆ ಪಟ್ಟಿ ನೋಡಿದ ಮೇಲೆ ತಾನಾಗಿ ಗೊತ್ತಾಯಿತು. ಎಲ್ಲರೂ ಅಕ್ಕಿಯಲ್ಲಿ ಉಳಿಸಲು ಹೋಗುತ್ತಾರೆ. ಕೆಜಿಗೆ ಐದು ರೂಪಾಯಿ ಕಡಿಮೆ ಅಕ್ಕಿ ತಂದರೆ ತಿಂಗಳಿಗೆ ಉಳಿಯುವುದು 75, ಅನ್ನ ಮಾತ್ರ ಮುದ್ದೆ. ದುಡ್ಡು ಸೋರುವುದು ತರಕಾರಿಯಲ್ಲಿ. ಶುರುವಿನಲ್ಲಿ ಭಾನುವಾರ ಒಂದೇ ಸಲ ವಾರಕ್ಕಾಗುವಷ್ಟು ತರುತ್ತಿದ್ದೆವು, ತಿಂಗಳಿಗೆ 2,500 ದಾಟುತ್ತಿತ್ತು, ಗುರುವಾರದ ಹೊತ್ತಿಗೆ ಬೀನ್ಸ್ ಅಂಟಂಟು, ಸೊಪ್ಪು ಹಳದಿ. ಈಗ ವಾರಕ್ಕೆ ಎರಡು ಸಲ, ಒಂದು ಸಲಕ್ಕೆ 200 ರೂಪಾಯಿ ಮಾತ್ರ ಜೇಬಿನಲ್ಲಿ, ಫೋನ್ ಪೇ ಇಲ್ಲ. ಒಂದು ಸೊಪ್ಪು, ಒಂದು ನೀರು ತರಕಾರಿ, ಅಂದರೆ ಸೋರೆ, ಸೀಮೆಬದನೆ, ಮೂಲಂಗಿ ಇಂಥದ್ದು, ಒಂದು ಪಲ್ಯಕ್ಕೆ. ಸೊಪ್ಪನ್ನು ರಾತ್ರಿ ಎಂಟರ ಮೇಲೆ ಗಾಡಿಯವರು ಕಡಿಮೆಗೆ ಕೊಡುತ್ತಾರೆ, ಆದರೆ ಅದೇ ರಾತ್ರಿ ಸೋಸಿ ಒಣಬಟ್ಟೆಯಲ್ಲಿ ಸುತ್ತಿಡುವವರು ಇದ್ದರೆ ಮಾತ್ರ ತನ್ನಿ. ಟೊಮೆಟೊ ಐವತ್ತು ದಾಟಿದರೆ ನಮ್ಮ ಮನೆಗೆ ಬರುವುದಿಲ್ಲ, ಹುಣಸೆಹಣ್ಣು ಇದೆ. 2023ರ ಜುಲೈನಲ್ಲಿ ಕೆಜಿ ನೂರು ದಾಟಿದಾಗ ನಾನು ಹಾಸ್ಟೆಲಿನಲ್ಲಿದ್ದೆ, ಅಲ್ಲಿಯ ಭಟ್ಟರು ತಿಂಗಳಿಡೀ ಹುಣಸೆಯಲ್ಲೇ ಸಾರು ಎಬ್ಬಿಸಿದರು, ಯಾರೂ ಬಿಟ್ಟು ಎದ್ದಿರಲಿಲ್ಲ.

ಎಣ್ಣೆ ಇನ್ನೊಂದು. ಐದು ಲೀಟರ್ ಕ್ಯಾನ್ ಅಗ್ಗ ಅನ್ನುವುದು ಬಿಲ್ಲಿನಲ್ಲಿ ನಿಜ, ಬಾಣಲೆಯಲ್ಲಿ ಸುಳ್ಳು. ಕ್ಯಾನ್ ಬಗ್ಗಿಸಿದರೆ ಧಾರೆ ದಪ್ಪ ಬೀಳುತ್ತದೆ. ಕ್ಯಾನ್ ಇದ್ದ ತಿಂಗಳು ಐದೂ ಲೀಟರ್ ಮುಗಿಯಿತು. ಈಗ ಒಂದು ಲೀಟರ್ ಪ್ಯಾಕೆಟ್, ಅದರಿಂದ ಸಣ್ಣ ಸ್ಟೀಲ್ ಗಿಂಡಿಗೆ, ಗಿಂಡಿಯೊಳಗೊಂದು ಟೀ ಚಮಚ. ಮೂರೂವರೆ ಲೀಟರಿಗೆ ಇಳಿಯಿತು, ಒಗ್ಗರಣೆ ರುಚಿ ಹಾಗೇ ಇದೆ.

ಬಿಟ್ಟದ್ದರಲ್ಲಿ ಮುಖ್ಯವಾದದ್ದು ಚಪಾತಿ. ಹಿಟ್ಟು ಅಗ್ಗವೇ, ಆದರೆ ನಾಲ್ಕು ಜನಕ್ಕೆ ಹದಿನಾರು ಚಪಾತಿ ಅಂದರೆ ಒಲೆ ಮುಕ್ಕಾಲು ಗಂಟೆ, ಮೇಲೆ ಎಣ್ಣೆ, ಜೊತೆಗೆ ಬೇರೆ ಪಲ್ಯ. ರಾಗಿ ಮುದ್ದೆ ಹದಿನೈದು ನಿಮಿಷ, ಬಸ್ಸಾರಿದ್ದರೆ ಮುಗಿಯಿತು. ಹಾಸನದವನು ನಾನು, ಪಕ್ಷಪಾತ ಇದ್ದೇ ಇದೆ. ಬಳ್ಳಾರಿಯವನು ರೊಟ್ಟಿ ಬೇಕು ಅಂದ, ಊರಿಂದ ಬರುವ ಕಟಕ್ ರೊಟ್ಟಿ ಅವನ ಸ್ವಂತದ್ದು. ಕುಂದಾಪುರದವನ ಕುಚ್ಚಲಕ್ಕಿಯೂ ಹಾಗೇ, ಅದು ಬೇಯಲು ಗ್ಯಾಸ್ ಜಾಸ್ತಿ, ವಾರಕ್ಕೆ ಒಂದು ದಿನ ಎಲ್ಲರಿಗೂ ಸೇರಿಸಿ ಮಾಡುತ್ತೇವೆ. ನಿಯಮ ಇಷ್ಟೇ: ನಾಲ್ವರಲ್ಲಿ ಮೂವರು ತಿನ್ನುವುದು ಡಬ್ಬದ ದುಡ್ಡಲ್ಲಿ, ಉಳಿದದ್ದು ಸ್ವಂತ. ಹಾಲು, ಮೊಟ್ಟೆ, ಬಾಳೆಹಣ್ಣು, ಬ್ರೆಡ್ಡು ಸ್ವಂತ. ಹತ್ತು ನಿಮಿಷದಲ್ಲಿ ತಂದುಕೊಡುವ ಆ್ಯಪ್‌ನಲ್ಲಿ ತರಿಸಿದ್ದು ಏನೇ ಇರಲಿ, ಬರೀ ಕೊತ್ತಂಬರಿಯಾದರೂ, ತರಿಸಿದವರದ್ದೇ ಖರ್ಚು. ಈ ಒಂದು ಮಾತಿಗೆ ಎರಡು ವಾರ ಮುಖ ಊದಿಸಿಕೊಂಡಿದ್ದರು, ಈಗ ಒಂದು ದಿನ ಮೊದಲೇ ಚೀಟಿ ಬರೆಯುತ್ತಾರೆ.

ನಡುನಡುವೆ ಪ್ರಯೋಗಗಳೂ ಆದವು. ಮಳೆಗಾಲದಲ್ಲಿ ಹತ್ತು ಕೆಜಿ ಈರುಳ್ಳಿ ತಂದು ಮೂರು ಕೆಜಿ ಎಸೆದೆವು, ಮೇಲೆ ಚೆನ್ನಾಗಿ ಕಂಡರೂ ಕಾಂಡದ ಹತ್ತಿರ ಒತ್ತಿದರೆ ಒಳಗೆ ಮೆತ್ತಗಿತ್ತು. ತೊಗರಿಬೇಳೆ ಅರ್ಧ, ಹೆಸರುಬೇಳೆ ಅರ್ಧ ಹಾಕಿದ್ದು ಗೆದ್ದಿತು. ಬೇಳೆಯನ್ನು ಅರ್ಧ ಗಂಟೆ ನೆನೆಸಿಡುವುದು ರೂಢಿಯಾದ ಮೇಲೆ ಸಿಲಿಂಡರ್ ಐದು ವಾರ ಬರುತ್ತಿದೆ. ಪರೀಕ್ಷೆ ದಿನಗಳಲ್ಲಿ ಒಲೆ ಹಚ್ಚದೆ ಇಂದಿರಾ ಕ್ಯಾಂಟೀನಿಗೆ ಹೋಗಿ ನೋಡಿದೆವು. ತಿಂಡಿ 5, ಊಟ 10 ರೂಪಾಯಿ, ನಮ್ಮ 34 ಅದರ ಮುಂದೆ ನಾಚಬೇಕು. ಆದರೆ ತಡವಾಗಿ ಹೋದರೆ ಮುಗಿದಿರುತ್ತದೆ, ಬಳ್ಳಾರಿಯವನಿಗೆ ಒಂದು ತಟ್ಟೆ ಸಾಲುವುದೂ ಇಲ್ಲ.

ತೆಂಗಿನಕಾಯಿ ನಮಗೆ ಆ ದರಕ್ಕೆ ಎಲ್ಲಿ ಸಿಗುತ್ತದೆ ಅಂತ ಕೇಳಬೇಡಿ, ಹೇಳಿದರೆ ನಾಳೆಯಿಂದ ನಮಗೇ ಸಿಗುವುದಿಲ್ಲ. ಅಮ್ಮನ ಹುಳಿಪುಡಿಯ ಅಳತೆಯೂ ಮನೆ ಬಿಟ್ಟು ಹೊರಗೆ ಹೋಗುವಂತಿಲ್ಲ.

ನೆಂಟರು, ಸ್ನೇಹಿತರು ಬಂದರೆ ಕರೆತಂದವರ ಅಕ್ಷರದ ಪಕ್ಕ ಇನ್ನೊಂದು ಗೀಟು. ಅಡುಗೆ ಆದ ಮೇಲೆ ಫೋನ್ ಮಾಡಿ "ಹೊರಗೆ ತಿಂದೆ" ಅಂದರೂ ಗೀಟು ಬೀಳುತ್ತದೆ, ಸಂಜೆ ಆರರೊಳಗೆ ಹೇಳಿದರೆ ಮಾತ್ರ ಮಾಫಿ. ಐದಾರು ಜನಕ್ಕಿಂತ ಜಾಸ್ತಿ ಇದ್ದರೆ ಈ ಲೆಕ್ಕ ನಡೆಯುವುದು ಕಷ್ಟ, ಗೀಟು ಹಾಕದವರನ್ನು ಹಿಡಿಯಲಾಗುವುದಿಲ್ಲ. ಮುಂದಿನ ತಿಂಗಳು ತುಮಕೂರಿನವನು ಕೋರ್ಸ್ ಮುಗಿಸಿ ಹೊರಡುತ್ತಾನೆ. ಡಬ್ಬದಲ್ಲಿ ಉಳಿದ ಅಕ್ಕಿ ಬೇಳೆಯಲ್ಲಿ ಅವನ ಪಾಲು 140 ರೂಪಾಯಿ ಚಿಲ್ಲರೆ ಬಂದಿದೆ, ದುಡ್ಡು ಬೇಡ, ಎರಡು ಪಾವು ಹುಳಿಪುಡಿ ಕೊಡು ಅಂತ ಕೂತಿದ್ದಾನೆ.