ಬಿದ್ದು ಮನೆಯಲ್ಲಿ ಕೂತರೆ ದಿನದ ದುಡ್ಡು ಎಲ್ಲಿಂದ? ರೈಡರ್‌ಗಳೇ ನೆರವು ನಿಧಿ ಕಟ್ಟುವುದು ಹೀಗೆ

ಡೆಲಿವರಿ ಕೆಲಸದಲ್ಲಿ ಕೈ ಮುರಿದರೆ ಆಸ್ಪತ್ರೆ ಬಿಲ್ಲಿನಷ್ಟೇ ಕಾಡುವುದು ಆಮೇಲಿನ ಖಾಲಿ ದಿನಗಳು. ಕೆಲಸಕ್ಕೆ ಹೋಗದಿದ್ದರೂ ಮನೆ ಬಾಡಿಗೆ ನಿಲ್ಲುವುದಿಲ್ಲ, ಗಾಡಿಯ ಕಂತೂ ನಿಲ್ಲುವುದಿಲ್ಲ. ಆ್ಯಪ್ ಕೊಡುವ ವಿಮೆ ಎಷ್ಟೋ ಕಡೆ ಆರ್ಡರ್ ಕೈಯಲ್ಲಿರುವಾಗ ಆದ ಅಪಘಾತಕ್ಕೆ ಮಾತ್ರ. ಈ ಖಾಲಿ ದಿನಗಳಿಗೆ ರೈಡರ್‌ಗಳು ತಾವೇ ಒಂದು ನಿಧಿ ಕಟ್ಟಿಕೊಳ್ಳಬಹುದು.

ಇದಕ್ಕೆ ಒಳ್ಳೆಯ ಮಾದರಿ ನೆದರ್‌ಲ್ಯಾಂಡ್ಸ್‌ನಲ್ಲಿದೆ. 2006ರಲ್ಲಿ ಶುರುವಾದ 'ಬ್ರೋಡ್‌ಫಾಂಡ್ಸ್'ನಲ್ಲಿ ಸ್ವಂತ ಉದ್ಯೋಗದವರು 20ರಿಂದ 50 ಜನರ ಗುಂಪು ಮಾಡಿಕೊಳ್ಳುತ್ತಾರೆ. ಒಬ್ಬರು ಕಾಯಿಲೆ ಬಿದ್ದರೆ ಉಳಿದವರೆಲ್ಲರ ಖಾತೆಯಿಂದ ಸ್ವಲ್ಪ ಸ್ವಲ್ಪ ಹಣ ಅವರಿಗೆ ಹೋಗುತ್ತದೆ, ಎರಡು ವರ್ಷದವರೆಗೂ. ಆದರೆ ನೆರವು ಶುರುವಾಗುವುದು ಒಂದು ತಿಂಗಳ ನಂತರ. ದಿನದ ದುಡಿಮೆಯನ್ನೇ ನಂಬಿದ ರೈಡರ್ ಅಷ್ಟು ದಿನ ಕಾಯಲು ಆಗುವುದಿಲ್ಲ, ಅಲ್ವಾ? ಹಾಗಾಗಿ ನಮ್ಮ ಲೆಕ್ಕದಲ್ಲಿ ಕಾಯುವ ದಿನ ಕಡಿಮೆ, ನೆರವಿನ ಅವಧಿಯೂ ಕಡಿಮೆ.

ಮೊದಲು ದಿನದ ದರ ಗೊತ್ತು ಮಾಡಿ

ಪ್ರತಿಯೊಬ್ಬರೂ ಹಿಂದಿನ ಮೂರು ತಿಂಗಳ ಗಳಿಕೆ ತೆಗೆದುಕೊಳ್ಳಲಿ. ಅದರಲ್ಲಿ ಇಂಧನ, ಸರ್ವಿಸ್, ಟೈರಿನ ಖರ್ಚು ಕಳೆಯಲಿ. ಇನ್ಸೆಂಟಿವ್ ಇವತ್ತು ಇರುತ್ತದೆ, ನಾಳೆ ಇರುವುದಿಲ್ಲ, ಅದನ್ನೂ ಬಿಡಿ. ಉಳಿದದ್ದನ್ನು ಕೆಲಸ ಮಾಡಿದ ದಿನಗಳಿಂದ ಭಾಗಿಸಿದರೆ ಒಂದು ದಿನಕ್ಕೆ ಕೈಯಲ್ಲಿ ನಿಜವಾಗಿ ಉಳಿಯುವುದು ಸಿಗುತ್ತದೆ. ಗುಂಪಿಗೆಲ್ಲ ಒಂದೇ ದರ ಇಡಿ, ಅದೂ ಕಡಿಮೆ ಗಳಿಸುವವರ ಕಡೆಗೆ ವಾಲಿರಲಿ. ಹೆಚ್ಚು ಗಳಿಸುವವರಿಗೆ ಹೆಚ್ಚು ನೆರವು ಎಂದು ಇಟ್ಟರೆ ಮೊದಲ ಜಗಳ ಅಲ್ಲೇ.

ಆಮೇಲೆ ಕೊಡುವುದು, ಪಡೆಯುವುದು

30 ಜನರ ಗುಂಪು ಎಂದುಕೊಳ್ಳಿ. ತಿಂಗಳಿಗೆ ಒಬ್ಬೊಬ್ಬರು ಅರ್ಧ ದಿನದ ದರ ಹಾಕಿದರೆ ನಿಧಿಗೆ ತಿಂಗಳಿಗೆ 15 ದಿನದ ಹಣ, ವರ್ಷಕ್ಕೆ 180 ದಿನದ್ದು. ಮೊದಲ ಮೂರು ರಜೆ ದಿನಕ್ಕೆ ಏನೂ ಇಲ್ಲ. ನಾಲ್ಕನೇ ದಿನದಿಂದ ದರದ ಶೇ 60, ಗರಿಷ್ಠ 40 ದಿನ.

ಒಬ್ಬ ರೈಡರ್ ಮಣಿಕಟ್ಟು ಮುರಿದುಕೊಂಡು 45 ದಿನ ಮನೆಯಲ್ಲಿದ್ದಾನೆ. ಮೂರು ದಿನ ಕಳೆದರೆ 42, ಮಿತಿ 40. ಅವನಿಗೆ ಸಿಗುವುದು 24 ದಿನದ ಪೂರ್ತಿ ದರದಷ್ಟು ಹಣ. ಅಂದರೆ ಇಂಥ ಏಳು ಪ್ರಕರಣಗಳನ್ನು ಒಂದು ವರ್ಷದ ನಿಧಿ ತಾಳುತ್ತದೆ, ಎಂಟನೆಯದಕ್ಕೆ ದುಡ್ಡು ಸಾಲುವುದಿಲ್ಲ.

ಶೇ 60 ಯಾಕೆ, ಪೂರ್ತಿ ಕೊಡಬಾರದಾ? ಪೂರ್ತಿ ಕೊಟ್ಟರೆ ನಿಧಿ ಬೇಗ ಬರಿದಾಗುತ್ತದೆ, ವಾಸಿಯಾದವರಿಗೂ ಬೇಗ ಮರಳುವ ಒತ್ತಾಯ ಇರುವುದಿಲ್ಲ. ತೀರಾ ಕಡಿಮೆ ಮಾಡಿದರೆ ಬಾಡಿಗೆಗೆ ಹೆದರಿ ಪಟ್ಟಿ ಕಟ್ಟಿಕೊಂಡೇ ಗಾಡಿ ಹತ್ತುತ್ತಾರೆ. ನನಗೆ ಈ ಎರಡನೆಯದೇ ದೊಡ್ಡ ಭಯ. ಅರ್ಧ ದಿನ ಮಾತ್ರ ಓಡಿಸಲು ಆಗುವವರಿಗೆ ಅರ್ಧ ನೆರವು ಮುಂದುವರಿಸಿ. ಆಗ ಸುಳ್ಳು ಹೇಳುವ ಗತಿ ಬರುವುದಿಲ್ಲ.

ಮೊದಲ ನಾಲ್ಕು ತಿಂಗಳು ಮುಟ್ಟಬೇಡಿ

ಆ ಹೊತ್ತಿಗೆ 60 ದಿನದ ಹಣ ಸೇರಿರುತ್ತದೆ, ಎರಡು ದೊಡ್ಡ ಪ್ರಕರಣಕ್ಕೆ ಸಾಕು. ಮುಂದೆ ಯಾವಾಗಲಾದರೂ ನಿಧಿ 48 ದಿನಕ್ಕಿಂತ ಕೆಳಗಿಳಿದರೆ ಎಲ್ಲರ ಕಂತು ಮುಕ್ಕಾಲು ದಿನಕ್ಕೆ ಏರಬೇಕು. ಇದನ್ನು ಶುರುವಿನಲ್ಲೇ ಬರೆದಿಡಿ. ಹೊಸದಾಗಿ ಸೇರುವವರಿಗೂ ನಾಲ್ಕು ತಿಂಗಳ ಕಾಯುವಿಕೆ ಇರಲಿ. ಇಲ್ಲದಿದ್ದರೆ ಆಪರೇಷನ್ ಗೊತ್ತಾದ ಮೇಲೆ ಸೇರುವವರು ಬರುತ್ತಾರೆ.

ನೆರವು ಕೇಳುವಾಗ ಎರಡು ದಾಖಲೆ ಸಾಕು: ಡಾಕ್ಟರ ಚೀಟಿ, ಆ್ಯಪ್‌ನಲ್ಲಿ ಆ ವಾರದ ಕೆಲಸದ ದಾಖಲೆ. ಇಬ್ಬರು ಸದಸ್ಯರು ಹೋಗಿ ನೋಡಿಬರಲಿ. ಹಣ ಒಟ್ಟಿಗೆ ಕೊಡಬೇಡಿ, ವಾರವಾರ ಕೊಡಿ. ಎಷ್ಟೋ ಮಂದಿ ಎರಡು ಮೂರು ಆ್ಯಪ್‌ಗಳಲ್ಲಿ ಓಡಿಸುವುದರಿಂದ ಎಲ್ಲದರ ದಾಖಲೆಯೂ ಬೇಕು.

ಖಾತೆ ಗುಂಪಿನ ಹೆಸರಲ್ಲಿರಲಿ, ಹಣ ತೆಗೆಯಲು ಇಬ್ಬರ ಸಹಿ ಬೇಕು. ತಿಂಗಳ ಬ್ಯಾಲೆನ್ಸ್ ಎಲ್ಲರಿಗೂ ಕಾಣಲಿ. ಈ ನಿಧಿಯಿಂದ ಸಾಲ ಕೊಡಲೇಬೇಡಿ. ಬಡ್ಡಿಯ ಆಸೆ ತೋರಿಸಿ ಹೊರಗಿನವರ ಹಣವನ್ನೂ ತೆಗೆದುಕೊಳ್ಳಬೇಡಿ, ಕಾನೂನಿನ ತೊಂದರೆ ಆಗಬಹುದು. ಸಂಘವಾಗಿ ನೋಂದಾಯಿಸುವ ನಿಯಮ ಮೊದಲೇ ಕೇಳಿಕೊಳ್ಳಿ.

ಎರಡು ತಿಂಗಳು ಸತತವಾಗಿ ಐದಾರು ಜನರ ಕಂತು ತಪ್ಪಿದರೆ ನಿಧಿ ಸೊರಗುತ್ತಿದೆ ಎಂದೇ ಅರ್ಥ. ಆಗ ಬೈಯುವ ಮೊದಲು ಕಂತನ್ನು ವಾರಕ್ಕೆ ಹಂಚಿ ನೋಡಿ. ವಾರವಾರ ಗಳಿಕೆ ಬರುವವರಿಗೆ ತಿಂಗಳ ಕೊನೆಯ ಕಂತು ಭಾರ.

ಈ ನಿಧಿ ತಾಳಲಾರದ್ದೂ ಇದೆ. ಆ್ಯಪ್ ಒಂದೇ ದಿನ ದರ ಇಳಿಸಿದರೆ, ಇಲ್ಲವೇ ಊರಿಗೆಲ್ಲ ಪ್ರವಾಹ ಬಂದರೆ 30 ಜನಕ್ಕೂ ಒಟ್ಟಿಗೆ ಪೆಟ್ಟು. ಆಸ್ಪತ್ರೆ ಖರ್ಚು, ಸಾವು, ಎದುರಿನವರಿಗಾದ ಗಾಯಕ್ಕೆ ವಿಮೆಯೇ ಬೇಕು. ಗಾಡಿಯ ವಿಮೆ ಪತ್ರವನ್ನು ಈಗಲೇ ತೆಗೆದು ಓದಿ. ಸ್ವಂತ ಬಳಕೆಗೆ ಮಾತ್ರ ಎಂದಿದ್ದರೆ ಡೆಲಿವರಿ ವೇಳೆ ಆದ ಅಪಘಾತಕ್ಕೆ ಕಂಪನಿ ಹಣ ನಿರಾಕರಿಸಬಹುದು.