ಹೆಸರಿನ ಬೇರು ಹುಡುಕುವಾಗ ನಾನು ಮಾಡುವುದು

ಗೆಳೆಯರು, ನೆಂಟರು, ಪರಿಚಯದವರು ಮಗುವಿಗೆ ಹೆಸರಿಡುವಾಗ ನನ್ನನ್ನು ಅರ್ಥ ಕೇಳುತ್ತಾರೆ. ಹೀಗಾಗಿ ನಮ್ಮ ಕಡೆಯ ಮುಸ್ಲಿಂ, ಕ್ರೈಸ್ತ ಹೆಸರುಗಳ ಬೇರು ಹುಡುಕುವುದು ನನಗೆ ರೂಢಿಯಾಗಿದೆ.

ಮೊದಲು ಹೆಸರಿಗೆ ನಮ್ಮ ನೆಲದಲ್ಲಿ ಅಂಟಿಕೊಂಡಿದ್ದನ್ನು ಬಿಡಿಸುತ್ತೇನೆ. ಖಾದರಸಾಬದಲ್ಲಿ ಸಾಬ, ಫಾತಿಮಾಬಿಯಲ್ಲಿ ಬಿ, ಐಸಮ್ಮದಲ್ಲಿ ಅಮ್ಮ, ಕರಾವಳಿಯ ಮಹಮ್ಮದ್ ಕುಂಞಿಯಲ್ಲಿ ಕುಂಞಿ. ಉಳಿದಿದ್ದು ಖಾದರ್, ಫಾತಿಮಾ, ಆಯಿಶಾ, ಮಹಮ್ಮದ್. ಬೇರು ಹುಡುಕಬೇಕಾದದ್ದು ಇವುಗಳಿಗೆ.

ಆಮೇಲೆ, ಮನೆಯಲ್ಲಿ ಉರ್ದು ಅಥವಾ ಅರಬ್ಬಿಯಲ್ಲಿ ಆ ಹೆಸರನ್ನು ಹೇಗೆ ಬರೆಯುತ್ತಾರೆ ಅಂತ ಕೇಳುತ್ತೇನೆ. ಮದುವೆಯ ಕಾರ್ಡು, ನಿಕಾಹ್‌ನಾಮಾ ಇದ್ದರೆ ಇನ್ನೂ ಒಳ್ಳೆಯದು. ಕನ್ನಡ ಲಿಪಿ ಒಂದನ್ನೇ ನಂಬಿದರೆ ದಾರಿ ತಪ್ಪುತ್ತದೆ. ಖಾದರ್, ಖಾಲಿದ್ ಎರಡಕ್ಕೂ ನಾವು ಖ ಬರೆಯುತ್ತೇವೆ. ಅರಬ್ಬಿಯಲ್ಲಿ ಅವು ಬೇರೆ ಬೇರೆ ಅಕ್ಷರ. ಖಾದರ್ ಅಂದರೆ ಶಕ್ತಿ ಉಳ್ಳವನು, ಖಾಲಿದ್ ಅಂದರೆ ಅಳಿಯದವನು. ನಜೀರ್ ಇನ್ನೂ ಕಷ್ಟ. ಜಾಲ್ ಅಕ್ಷರದಲ್ಲಿ ಬರೆದರೆ ಎಚ್ಚರಿಸುವವನು, ಜೋಯ್ ಅಕ್ಷರದಲ್ಲಿ ಬರೆದರೆ ಸರಿಸಾಟಿ. ಕನ್ನಡದಲ್ಲಿ ಎರಡೂ ಒಂದೇ ನಜೀರ್. ಆ ಅಕ್ಷರ ಗೊತ್ತಾಗದೆ ನಾನು ಅರ್ಥ ಹೇಳುವುದಿಲ್ಲ.

ಅಕ್ಷರ ಸಿಕ್ಕ ಮೇಲೆ ಮೂರು ವ್ಯಂಜನಗಳ ಬೇರು ನೋಡುತ್ತೇನೆ. ಅರಬ್ಬಿ ಹೆಸರುಗಳ ಚೆಂದ ಇರುವುದೇ ಇಲ್ಲಿ. ಹ, ಮ, ದ ಎಂಬ ಬೇರಿಗೆ ಹೊಗಳಿಕೆಯ ಅರ್ಥ. ಹಾಮಿದ್ ಹೊಗಳುವವನು, ಮಹಮೂದ್ ಹೊಗಳಿಸಿಕೊಂಡವನು, ಮಹಮ್ಮದ್ ಬಹಳವಾಗಿ ಹೊಗಳಿಸಿಕೊಂಡವನು, ಅಹ್ಮದ್ ಎಲ್ಲರಿಗಿಂತ ಜಾಸ್ತಿ ಹೊಗಳಿಕೆಗೆ ತಕ್ಕವನು. ಬೇರು ಒಂದೇ, ಅಚ್ಚು ಬೇರೆ. ಒಂದು ಬೇರು ಕಲಿತರೆ ನಾಲ್ಕಾರು ಹೆಸರು ತಾವಾಗಿ ಬಿಡಿಸಿಕೊಳ್ಳುತ್ತವೆ.

ಆದರೆ ಎಲ್ಲ ಮುಸ್ಲಿಂ ಹೆಸರಿಗೂ ಅರಬ್ಬಿ ಬೇರು ಇರುವುದಿಲ್ಲ. ನಮ್ಮ ಲೇಖಕಿ ಸಾರಾ ಅಬೂಬಕ್ಕರ್ ಅವರ ಹೆಸರನ್ನೇ ನೋಡಿ. ಸಾರಾ ಎಂದರೆ ಸಂತೋಷ ಕೊಡುವವಳು ಎಂದು ಹಲವು ಹೆಸರಿನ ಪಟ್ಟಿಗಳಲ್ಲಿ ಇರುತ್ತದೆ. ಅರಬ್ಬಿಯಲ್ಲಿ ಸಂತೋಷದ ಅರ್ಥದ ಸ, ರ, ರ ಎಂಬ ಬೇರು ಇದೆ ನಿಜ. ಆದರೆ ಸಾರಾ ಇಬ್ರಾಹಿಮರ ಹೆಂಡತಿಯ ಹೆಸರು, ಹೀಬ್ರೂವಿನಿಂದ ಬಂದದ್ದು. ಅಲ್ಲಿ ಅದಕ್ಕೆ ರಾಜಕುಮಾರಿ, ದೊಡ್ಡ ಮನೆತನದ ಹೆಣ್ಣು ಎಂಬ ಅರ್ಥ. ಅಬೂಬಕ್ಕರ್ ಎಂಬುದು ಲೇಖಕಿಯ ಗಂಡನ ಹೆಸರು, ಪೂರಾ ಅರಬ್ಬಿ. ಅಬು ಅಂದರೆ ತಂದೆ, ಬಕ್ರ್ ಅಂದರೆ ಎಳೆಯ ಒಂಟೆ. ಇದನ್ನು ಹೇಳಿದರೆ ಕೆಲವರ ಮುಖ ಸಪ್ಪಗಾಗುತ್ತದೆ. ಆಗ ಇನ್ನೊಂದು ಮಾತು ಸೇರಿಸುತ್ತೇನೆ: ಯಾರೂ ಒಂಟೆಗಾಗಿ ಈ ಹೆಸರು ಇಡುವುದಿಲ್ಲ, ಮೊದಲ ಖಲೀಫರ ನೆನಪಿಗೆ ಇಡುತ್ತಾರೆ. ಪದದ ಅರ್ಥ ಒಂದು, ಇಟ್ಟ ಕಾರಣ ಇನ್ನೊಂದು. ಎರಡನ್ನೂ ಹೇಳಬೇಕು, ಅಲ್ವಾ?

ಕ್ರೈಸ್ತ ಹೆಸರಾದರೆ ಕೇಳುವ ಪ್ರಶ್ನೆ ಬೇರೆ: ದೀಕ್ಷಾಸ್ನಾನದ ದಾಖಲೆಯಲ್ಲಿ ಏನಿದೆ? ಏಕೆಂದರೆ ಒಂದೇ ಹೀಬ್ರೂ ಹೆಸರು ನಮ್ಮಲ್ಲಿಗೆ ಹಲವು ದಾರಿಗಳಲ್ಲಿ ಬಂದಿದೆ. ಯೋಹಾನಾನ್ ಅಂದರೆ ದೇವರು ಕೃಪೆ ತೋರಿದ. ಇಂಗ್ಲಿಷಿನ ಮೂಲಕ ಅದು ಜಾನ್ ಆಯಿತು, ಪೋರ್ಚುಗೀಸರ ಮೂಲಕ ಮಂಗಳೂರಿನ ಕೊಂಕಣಿಯಲ್ಲಿ ಜುವಾಂವ್ ಆಯಿತು. ಕನ್ನಡ ಬೈಬಲಿನಲ್ಲಿ ಯೋಹಾನ, ಕಥೋಲಿಕರ ಅನುವಾದದಲ್ಲಿ ಯೊವಾನ್ನ. ತಮಿಳು ಕಥೋಲಿಕರು ಅರ್ಥವನ್ನೇ ಹಿಡಿದು ಅರುಳಪ್ಪ ಎಂದರು, ಅರುಳ್ ಅಂದರೆ ಕೃಪೆ. ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಯೋಹಾನನೇ ಕುರಾನಿನಲ್ಲಿ ಯಹ್ಯಾ. ಆದರೆ ಯಹ್ಯಾ ಎಂಬ ರೂಪ ಅರಬ್ಬಿ ಕಿವಿಗೆ 'ಬದುಕುತ್ತಾನೆ' ಎಂದು ಕೇಳುತ್ತದೆ. ಹಾಗಾಗಿ ವ್ಯಕ್ತಿ ಒಬ್ಬರೇ ಎಂದು ಜಾನ್‌ನ ಅರ್ಥವನ್ನು ಸುಮ್ನೆ ಯಹ್ಯಾಗೆ ಅಂಟಿಸುವುದಿಲ್ಲ. ಜೋಸೆಫ್, ಯೂಸುಫ್ ಜೋಡಿಯಲ್ಲಿ ಈ ತೊಡಕಿಲ್ಲ. ಎರಡೂ ಹೀಬ್ರೂವಿನ ಯೋಸೇಫ್, ಅಂದರೆ ದೇವರು ಇನ್ನಷ್ಟು ಕೊಡಲಿ.

ಪೀಟರ್ ಗ್ರೀಕ್, ಕಲ್ಲು ಎಂದರ್ಥ. ಕ್ಸೇವಿಯರ್ ಸ್ಪೇನಿನ ಒಂದು ಊರಿನ ಹೆಸರು. ಇವಕ್ಕೆ ಹೀಬ್ರೂ ಬೇರು ಹುಡುಕಿ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಮರಿಯಪ್ಪನಂಥ ಹೆಸರಿಗೆ. ಕ್ರೈಸ್ತರ ಮನೆಯಲ್ಲಿ ಅದು ಯೇಸುವಿನ ತಾಯಿ ಮರಿಯಳಿಂದ ಬಂದಿರಬಹುದು. ಹಿಂದೂಗಳ ಮನೆಯಲ್ಲಿ ಊರ ದೇವತೆ ಮಾರಿಯಿಂದ ಬಂದಿರಬಹುದು. ಬರೆಯುವುದು ಒಂದೇ ರೀತಿ, ಹಾಗಾಗಿ ಅಕ್ಷರ ನೋಡಿ ಹೇಳಲಾಗದು. ಅಜ್ಜ ಅಜ್ಜಿಯ ಹೆಸರೇನು, ಮನೆಯವರು ಯಾವ ಹಬ್ಬಕ್ಕೆ ಹರಕೆ ಹೊತ್ತಿದ್ದರು ಎಂದು ಕೇಳಿ ತಿಳಿದ ಮೇಲೆಯೇ ನಾನು ಮುಂದಿನ ಮಾತು ಆಡುವುದು.