ಗ್ಲೂಕೋಸ್ ಮುಗಿದ ಮೇಲೆ ಲ್ಯಾಕ್ಟೋಸ್: ಇ. ಕೋಲಿಯ ಜೀನ್ ಸ್ವಿಚ್ ಕೆಲಸ ಮಾಡುವುದು ಹೀಗೆ

ಕರುಳಿನ ಬ್ಯಾಕ್ಟೀರಿಯಾ ಇ. ಕೋಲಿಯನ್ನು ಗ್ಲೂಕೋಸ್, ಲ್ಯಾಕ್ಟೋಸ್ ಎರಡೂ ಇರುವ ಫ್ಲಾಸ್ಕಿನಲ್ಲಿ ಬೆಳೆಸಿ ನೋಡಿ. ಮೊದಲು ಬೇಗ ಬೇಗ ಹೆಚ್ಚುತ್ತದೆ. ಆಮೇಲೆ ಸ್ವಲ್ಪ ಹೊತ್ತು ಬೆಳವಣಿಗೆ ನಿಂತೇ ಹೋಗುತ್ತದೆ. ಮತ್ತೆ ಶುರುವಾಗುತ್ತದೆ, ತುಸು ನಿಧಾನವಾಗಿ. ಆ ನಡುವಿನ ಬಿಡುವಿನಲ್ಲಿ ಲ್ಯಾಕ್ ಆಪೆರಾನ್ ಆನ್ ಆಗುತ್ತಿರುತ್ತದೆ.

ಆಪೆರಾನ್ ಅಂದರೆ ಒಟ್ಟಿಗೇ ಆನ್, ಒಟ್ಟಿಗೇ ಆಫ್ ಆಗುವ ಜೀನ್‌ಗಳ ಸಾಲು. ಇಲ್ಲಿ ಮೂರಿವೆ, ನಮಗೆ ಎರಡು ಸಾಕು. ಒಂದರಿಂದ ಲ್ಯಾಕ್ಟೋಸನ್ನು ಒಳಗೆ ತರುವ ಪರ್ಮಿಯೇಸ್ ತಯಾರಾಗುತ್ತದೆ, ಇನ್ನೊಂದರಿಂದ ಅದನ್ನು ಒಡೆಯುವ ಬೀಟಾ-ಗ್ಯಾಲಕ್ಟೋಸಿಡೇಸ್ ಕಿಣ್ವ.

ಮೊದಲ ಹಂತದಲ್ಲಿ ಗ್ಲೂಕೋಸ್ ಇದೆ. ಸಾಲಿನ ಮುಂದಿನ ಆಪರೇಟರ್ ಎಂಬ ಜಾಗಕ್ಕೆ ರಿಪ್ರೆಸರ್ ಪ್ರೋಟೀನ್ ಅಂಟಿಕೊಂಡು ದಾರಿ ಕಟ್ಟಿರುತ್ತದೆ. ಹೊರಗೆ ಲ್ಯಾಕ್ಟೋಸ್ ಇದ್ದರೂ ಒಳಗೆ ಬರುವುದು ಕಷ್ಟ. ಗ್ಲೂಕೋಸನ್ನು ಒಳಗೆಳೆಯುವ ವ್ಯವಸ್ಥೆಯ ಒಂದು ಪ್ರೋಟೀನೇ ಪರ್ಮಿಯೇಸನ್ನು ಹಿಡಿದು ನಿಲ್ಲಿಸುತ್ತದೆ.

ಗ್ಲೂಕೋಸ್ ಖಾಲಿಯಾದಾಗ ಆ ಹಿಡಿತ ಸಡಿಲವಾಗುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಲ್ಯಾಕ್ಟೋಸ್ ಒಳಗೆ ಬರಲು ಪರ್ಮಿಯೇಸ್ ಬೇಕು, ಪರ್ಮಿಯೇಸ್ ಜೀನಿಗೇ ಬೀಗ ಬಿದ್ದಿದೆ, ಅಲ್ವಾ? ನನಗೆ ತುಂಬ ಇಷ್ಟವಾದ ಭಾಗ ಇದೇ. ರಿಪ್ರೆಸರ್ ಆಗೊಮ್ಮೆ ಈಗೊಮ್ಮೆ ಕಳಚಿಕೊಳ್ಳುತ್ತದೆ. ಹಾಗಾಗಿ ಎರಡೂ ಪ್ರೋಟೀನುಗಳ ಕೆಲವೇ ಅಣುಗಳು ಕೋಶದಲ್ಲಿ ಯಾವಾಗಲೂ ಇರುತ್ತವೆ. ಅವುಗಳಿಂದ ಚೂರು ಲ್ಯಾಕ್ಟೋಸ್ ಒಳಗೆ ಬರುತ್ತದೆ. ಕಿಣ್ವ ಅದರಲ್ಲಿ ಒಂದಿಷ್ಟನ್ನು ಅಲೋಲ್ಯಾಕ್ಟೋಸ್ ಆಗಿ ಬದಲಿಸುತ್ತದೆ. ಅದು ರಿಪ್ರೆಸರ್‌ಗೆ ಅಂಟಿದರೆ ಅದರ ಆಕಾರ ಬದಲಾಗಿ ಆಪರೇಟರ್ ಮೇಲಿನ ಹಿಡಿತ ತಪ್ಪುತ್ತದೆ.

ಬೀಗ ತೆಗೆದರಷ್ಟೇ ಸಾಲದು. ಈ ಜೀನ್‌ಗಳ ಪ್ರಮೋಟರ್, ಅಂದರೆ ಓದುವಿಕೆ ಶುರುವಾಗುವ ಜಾಗ, ಸುಮ್ನೆ ಬಿಟ್ಟರೆ ದುರ್ಬಲ. ಗ್ಲೂಕೋಸ್ ಇಲ್ಲದಾಗ ಕೋಶದಲ್ಲಿ ಸೈಕ್ಲಿಕ್ ಎಎಂಪಿ ಜಾಸ್ತಿಯಾಗುತ್ತದೆ. ಅದು ಸಿಎಪಿ ಎಂಬ ಪ್ರೋಟೀನಿಗೆ ಸೇರುತ್ತದೆ. ಈ ಜೋಡಿ ಪ್ರಮೋಟರ್ ಪಕ್ಕ ಕೂತು, ಜೀನ್ ಓದುವ ಆರ್‌ಎನ್‌ಎ ಪಾಲಿಮರೇಸನ್ನು ಅಲ್ಲಿಗೆ ಸೆಳೆಯುತ್ತದೆ. ಆಗ ಕಿಣ್ವದ ಪ್ರಮಾಣ ಸುಮಾರು ಸಾವಿರ ಪಟ್ಟು ಏರಬಹುದು.

ಸ್ವಿಚ್ ಕೆಟ್ಟಿದೆ ಎಂದು ತಿಳಿಯುವುದು ಹೇಗೆ? ಗ್ಲೂಕೋಸ್, ಲ್ಯಾಕ್ಟೋಸ್ ಎರಡೂ ಇಲ್ಲದ ತಟ್ಟೆಗೆ ಎಕ್ಸ್-ಗ್ಯಾಲ್ ಹಾಕುತ್ತಾರೆ. ಬೀಟಾ-ಗ್ಯಾಲಕ್ಟೋಸಿಡೇಸ್ ಒಡೆದರೆ ಅದು ನೀಲಿಯಾಗುತ್ತದೆ, ಆದರೆ ಅದು ಸ್ವಿಚ್ಚನ್ನು ಆನ್ ಮಾಡುವುದಿಲ್ಲ. ಮಾಮೂಲಿ ಕಾಲೊನಿಗಳು ಬಿಳಿಯಾಗಿಯೇ ಇರುತ್ತವೆ. ಗಾಢ ನೀಲಿ ಕಾಲೊನಿ ಕಂಡರೆ ಬೀಗ ಮುರಿದಿದೆ ಎಂದರ್ಥ.

ಮುರಿದದ್ದು ರಿಪ್ರೆಸರೋ, ಆಪರೇಟರೋ? ಆ ಕೋಶಕ್ಕೆ ಇನ್ನೊಂದು ಡಿಎನ್‌ಎ ತುಣುಕಿನಲ್ಲಿ ರಿಪ್ರೆಸರಿನ ಒಳ್ಳೆಯ ಜೀನ್ ಕೊಡಿ. ರಿಪ್ರೆಸರ್ ಕೋಶದಲ್ಲೆಲ್ಲ ಓಡಾಡುವ ಪ್ರೋಟೀನ್. ಹಾಗಾಗಿ ಕೆಟ್ಟದ್ದು ಅದೇ ಆಗಿದ್ದರೆ ನೀಲಿ ಹೋಗುತ್ತದೆ. ಆಪರೇಟರ್ ಕೆಟ್ಟಿದ್ದರೆ ನೀಲಿ ಹಾಗೇ ಉಳಿಯುತ್ತದೆ, ಅಂಟಿಕೊಳ್ಳುವ ಜಾಗವೇ ಇಲ್ಲವಲ್ಲ. ಫ್ರಾನ್ಸ್ವಾ ಜೇಕಬ್, ಜಾಕ್ ಮೊನೊ 1961ರಲ್ಲಿ ಈ ಸ್ವಿಚ್ಚಿನ ಮಾದರಿಯನ್ನು ಮುಂದಿಟ್ಟದ್ದು ಇಂಥ ಜೋಡಿ ಪ್ರಯೋಗಗಳ ಬಲದ ಮೇಲೆಯೇ.